ಓಂಕಾರಾಚಾರಿ ಕಟ್ಟಿದ ಕೊನೆಯ ದರ

ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ಪೇಟೆ ಕಡೆ ಇಳಿಯುವಾಗ, ಕೊಡೆ ರಿಪೇರಿಯವನ ಪಕ್ಕದಲ್ಲಿ, ಒಂದೇ ಬಾಗಿಲಿನ ಚಿನ್ನದಂಗಡಿ ಇತ್ತು. ಬೋರ್ಡಿನ ಅಕ್ಷರ ಮಳೆಗೆ ಅಳಿಸಿಹೋಗಿ ಎಷ್ಟೋ ವರ್ಷವಾಗಿತ್ತು. ಯಾರೂ ಓದುತ್ತಿರಲಿಲ್ಲ, ಆದ್ದರಿಂದ ಯಾರೂ ಬರೆಸಲೂ ಇಲ್ಲ. ಆಚಾರ್ರ ಅಂಗಡಿ ಅಂದರೆ ಗೋಣಿಬೀಡಿನಿಂದ ಕೊಟ್ಟಿಗೆಹಾರದವರೆಗೆ ಗೊತ್ತು. ಅಂಗಡಿಯ ಹಿಂದೆಯೇ ಮನೆ. ಓಂಕಾರಾಚಾರಿ ಹುಟ್ಟಿದ್ದು ಅಲ್ಲೇ, ಅಪ್ಪನ ಪಕ್ಕ ಕೂತು ಊದುಗೊಳವೆ ಊದಲು ಕಲಿತದ್ದೂ ಅಲ್ಲೇ. ಸರ್ವಮಂಗಳಾ ಹೆಂಡತಿಯಾಗಿ ಬಂದು ಹೊಸ್ತಿಲು ದಾಟಿದ್ದೂ ಆ ಅಂಗಡಿಯ ಬಾಗಿಲಿನಿಂದಲೇ, ಯಾಕೆಂದರೆ ಮನೆಗೆ ಬೇರೆ ಬಾಗಿಲಿರಲಿಲ್ಲ.

ಅವನ ಕೈ ಬಹಳ ನಯವಾದದ್ದು ಅಂತೇನೂ ನಾನು ಹೇಳುವುದಿಲ್ಲ. ಅವನಿಗಿಂತ ಚೆಂದ ಮಾಡುವವರು ಚಿಕ್ಕಮಗಳೂರಲ್ಲಿ ಹತ್ತು ಜನ ಇದ್ದರು. ಜನ ಅವನ ಹತ್ತಿರ ಬರುತ್ತಿದ್ದುದು ದರ ಕಟ್ಟಿಸುವುದಕ್ಕೆ.

ದರ ಕಟ್ಟುವುದು ಅಂದರೆ ಇಷ್ಟೇ. ಮದುವೆ ಬೇಸಿಗೆಯಲ್ಲಿ. ಆದರೆ ಶ್ರಾವಣದಲ್ಲಿ ಒಂದು ಶುಕ್ರವಾರ ನೋಡಿ ಬಂದು, ಇಷ್ಟು ಗ್ರಾಂ ಬೇಕು ಅಂತ ಹೇಳಿ, ಅಷ್ಟಿಷ್ಟು ಮುಂಗಡ ಕೊಡುವುದು. ಆಚಾರಿ ಎರಡು ವೀಳ್ಯದೆಲೆ, ಒಂದು ಅಡಿಕೆ ಕೈಗಿಟ್ಟು, "ಇವತ್ತಿನ ದರಕ್ಕೆ ಕಟ್ಟಿದೆ" ಅನ್ನುವುದು. ಆಮೇಲೆ ಚಿನ್ನ ಆಕಾಶಕ್ಕೆ ಹೋಗಲಿ, ಪಾತಾಳಕ್ಕೆ ಇಳಿಯಲಿ, ಅದೇ ದರ. ಬರವಣಿಗೆ ಇಲ್ಲ, ಸಹಿ ಇಲ್ಲ. ಅವನ ಅಜ್ಜ ಕಟ್ಟಿದ್ದ, ಅಪ್ಪ ಕಟ್ಟಿದ್ದ, ಇವನೂ ಕಟ್ಟುತ್ತಿದ್ದ.

ಮನೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಶುಕ್ರವಾರ ದೀಪ ಹಚ್ಚಿದ ಮೇಲೆ ದುಡ್ಡಾಗಲಿ ಚಿನ್ನವಾಗಲಿ ಹೊಸ್ತಿಲು ದಾಟಿ ಹೊರಗೆ ಹೋಗಬಾರದು. ಒಳಗೆ ಬರಬಹುದು. ಲಕ್ಷ್ಮಿ ಫೋಟೋದ ಕೆಳಗೇ ದುಡ್ಡಿನ ಪೆಟ್ಟಿಗೆ, ಮೇಲೆ ದೀಪ. ಶ್ರಾವಣ ಶುಕ್ರವಾರವಂತೂ ಕೇಳುವುದೇ ಬೇಡ. ಅವನ ಅಮ್ಮ ಒಮ್ಮೆ ದೀಪ ಹಚ್ಚಿದ ಮೇಲೆ ಬಾಕಿ ಕೇಳಲು ಬಂದ ಹಾಲಿನವನನ್ನು ಬೆಳಗ್ಗೆ ಬಾ ಅಂತ ಮಳೆಯಲ್ಲಿ ವಾಪಸ್ಸು ಕಳಿಸಿದ್ದಳು, ಅಷ್ಟು ಗಟ್ಟಿ. ಅಮ್ಮ ಹೋದ ಮೇಲೂ ಪದ್ಧತಿ ಹೋಗಲಿಲ್ಲ.

ತೊಂಬತ್ತರ ದಶಕದಲ್ಲಿ ಈ ಎರಡು ಪದ್ಧತಿಗೂ ಜಗಳವೇ ಬರಲಿಲ್ಲ. ಆಗ ದರ ಅನ್ನುವುದು ದಿನಕ್ಕೆ ಒಂದೇ. ಚಿಕ್ಕಮಗಳೂರಿನ ಸಗಟು ಅಂಗಡಿಗೆ ಬೆಳಗ್ಗೆ ಫೋನ್ ಹಾಕಿದರೆ ಹೇಳುತ್ತಿದ್ದರು, ಮರುದಿನ ಪೇಪರಿನಲ್ಲೂ ಬರುತ್ತಿತ್ತು. ಹತ್ತು ಗ್ರಾಂ ನಾಲ್ಕು ಸಾವಿರ ಚಿಲ್ಲರೆ ಅಂದರೆ ವರ್ಷಗಟ್ಟಲೆ ನಾಲ್ಕು ಸಾವಿರ ಚಿಲ್ಲರೆಯೇ. ಶುಕ್ರವಾರ ದರ ಕಟ್ಟಿ, ಸೋಮವಾರವೋ ಮುಂದಿನ ತಿಂಗಳೋ ನಿಧಾನಕ್ಕೆ ಬಸ್ ಹತ್ತಿ ಹೋಗಿ ಚಿನ್ನ ತಂದರೂ ಇಪ್ಪತ್ತು ರೂಪಾಯಿ ಆಚೆ ಈಚೆ. ಮಾತಿಗೆ ಬೆಲೆ ಇತ್ತು ಅಂತ ಈಗ ಎಲ್ಲರೂ ಹೇಳುತ್ತಾರೆ. ಮಾತು ಉಳಿಸಿಕೊಳ್ಳುವುದು ಆಗ ಅಗ್ಗವಾಗಿತ್ತು, ಅದನ್ನು ಯಾರೂ ಹೇಳುವುದಿಲ್ಲ.

ಎರಡು ಸಾವಿರದ ನಾಲ್ಕು, ಐದು ಅನ್ನುವಷ್ಟರಲ್ಲಿ ಚಿನ್ನಕ್ಕೆ ಕಾಲು ಬಂತು. ಆರರಲ್ಲಿ ಒಂದೇ ಬೇಸಿಗೆಯಲ್ಲಿ ಅದು ಓಡಿದ ಓಟಕ್ಕೆ ಓಂಕಾರಾಚಾರಿ ಒಮ್ಮೆ ಕೈ ಸುಟ್ಟುಕೊಂಡ. ಆಗ ಅವನನ್ನು ಕರೆದು ಕೂರಿಸಿದವನು ತಯ್ಯಬ್.

ತಯ್ಯಬ್ ಅವನ ಓರಗೆಯವ, ಪೇಟೆಯ ಕೊನೆಯಲ್ಲಿ ಕಾಫಿ, ಮೆಣಸು ಕೊಳ್ಳುವ ಗೋಡೌನು ಇಟ್ಟಿದ್ದ. ಕಾಫಿ ಬೋರ್ಡಿನ ಕೈಯಿಂದ ಕಾಫಿ ಬಿಡುಗಡೆಯಾದ ಮೇಲೆ ಅವನ ಕಣ್ಣೆಲ್ಲ ಲಂಡನ್ ಮೇಲೆ, ನ್ಯೂಯಾರ್ಕ್ ಮೇಲೆ. ಅಲ್ಲಿ ಬೆಳಗಾದರೆ ಇಲ್ಲಿ ಇವನ ದರ ಬದಲು. ಅದಕ್ಕಾಗಿ ಮಾಡಿನ ಮೇಲೆ ಡಿಶ್ ತಟ್ಟೆ ಹಾಕಿಸಿ, ಒಂದು ಕಂಪ್ಯೂಟರ್ ಇಟ್ಟು, ಚಿಕ್ಕಮಗಳೂರಿನ ದಲ್ಲಾಳಿ ಕಂಪನಿಯೊಂದರ ಕೈಕೆಳಗೆ ವಾಯಿದೆ ಸೌದಾ, ಅಂದರೆ ಮುಂದಿನ ತಾರೀಖಿನ ಸರಕನ್ನು ಇವತ್ತಿನ ದರಕ್ಕೇ ಹಿಡಿದಿಡುವ ವ್ಯಾಪಾರ, ಅದನ್ನೂ ಶುರು ಮಾಡಿದ್ದ. ಆ ಪರದೆಯ ಮೇಲೆ ಚಿನ್ನವೂ ಓಡುತ್ತಿತ್ತು.

"ನೋಡಿ ಆಚಾರ್ರೆ, ನೀವು ದರ ಕಟ್ಟಿದ ದಿನವೇ ಇಲ್ಲಿ ನೂರು ಗ್ರಾಂ ಸೌದಾ ಹಿಡಿದುಬಿಡಿ. ಪೂರ್ತಿ ದುಡ್ಡು ಬೇಡ, ಸ್ವಲ್ಪ ಠೇವಣಿ ಸಾಕು. ಚಿನ್ನ ಏರಿತು ಅಂತಿಟ್ಟುಕೊಳ್ಳಿ, ನಿಮಗೆ ಅಂಗಡೀಲಿ ಎಷ್ಟು ಕಳೀತದೋ ಅಷ್ಟು ಇಲ್ಲಿ ಬರ್ತದೆ. ಇಳಿದ್ರೆ ಇಲ್ಲಿ ಹೋಗ್ತದೆ, ಅಲ್ಲಿ ಉಳೀತದೆ. ನಿಮ್ಮ ಕೂಲಿ ನಿಮಗೆ."

ಓಂಕಾರಾಚಾರಿಗೆ ಇದು ತಲೆಗೆ ಹೋಗಲು ಎರಡು ಲೋಟ ಚಾ ಬೇಕಾಯಿತು. ಆದರೆ ಹೋಯಿತು. ಅಲ್ಲಿಂದ ದರ ಕಟ್ಟಿದ ದಿನವೇ ಮುಂಗಡದ ದುಡ್ಡಲ್ಲಿ ಠೇವಣಿಯಷ್ಟನ್ನು ತಯ್ಯಬನ ಮೇಜಿನ ಮೇಲಿಟ್ಟು ಸೌದಾ ಹಿಡಿಯುವುದು, ನಿಜವಾದ ಚಿನ್ನ ತಂದ ದಿನ ಅದನ್ನು ಬಿಟ್ಟುಬಿಡುವುದು ಅಭ್ಯಾಸವಾಯಿತು.

"ಒಂದು ಮಾತ್ರ ನೆನಪಿಡಿ," ಅಂದಿದ್ದ ತಯ್ಯಬ್. "ತಿಂಗಳ ಮೊದಲ ಶುಕ್ರವಾರ ಸಾಯಂಕಾಲ ಆರು ಗಂಟೆ. ಅಮೆರಿಕದಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ತು, ಎಷ್ಟು ಜನದ್ದು ಹೋಯ್ತು ಅಂತ ಸರ್ಕಾರ ಲೆಕ್ಕ ಬಿಡ್ತದೆ. ಅಲ್ಲಿ ಆಗ ಬೆಳಗ್ಗೆ ಎಂಟೂವರೆ. ಚಳಿಗಾಲದಲ್ಲಿ ಅವರು ಗಡಿಯಾರ ತಿರುಗಿಸ್ತಾರೆ, ಆಗ ನಮಗೆ ಏಳು ಗಂಟೆ. ತಿಂಗಳ ಮಧ್ಯೆ ಬೆಲೆಯೇರಿಕೆ ಲೆಕ್ಕ ಬರ್ತದಲ್ಲ, ಅದೂ ಅದೇ ಹೊತ್ತಿಗೆ. ಆ ಹೊತ್ತಿನ ಮೊದಲೇ ಕೆಲಸ ಮುಗಿಸಿಬಿಡಬೇಕು."

"ಅಮೆರಿಕದಲ್ಲಿ ಯಾರಿಗೋ ಕೆಲಸ ಸಿಕ್ಕಿದ್ರೆ ನನ್ನ ಕುಲುಮೆಗೆ ಎಂತ ಮಾರಾಯ?"

ತಯ್ಯಬ್ ನಗಲಿಲ್ಲ. "ಕೆಲಸ ಕಡಿಮೆಯಾದ್ರೆ ಅಲ್ಲಿಯ ದೊಡ್ಡ ಬ್ಯಾಂಕು ಬಡ್ಡಿ ಇಳಿಸ್ತದೆ. ಬಡ್ಡಿ ಇಳಿದ್ರೆ ಡಾಲರು ಸೊರಗ್ತದೆ. ಡಾಲರಲ್ಲಿ ದುಡ್ಡಿಟ್ಟವರು ಚಿನ್ನಕ್ಕೆ ಓಡ್ತಾರೆ. ಕೆಲಸ ಜಾಸ್ತಿಯಾದ್ರೆ ಇದೇ ಉಲ್ಟಾ. ಆದ್ರೆ ಅದೂ ಪೂರ್ತಿ ಅಲ್ಲ. ಎಲ್ಲರೂ ಮೊದಲೇ ಒಂದು ಅಂದಾಜು ಮಾಡಿರ್ತಾರೆ, ಆ ಅಂದಾಜು ದರದಲ್ಲಿ ಸೇರಿಬಿಟ್ಟಿರ್ತದೆ. ಅಂದಾಜಿನ ಹಾಗೇ ಬಂದ್ರೆ ಏನೂ ಆಗೋದಿಲ್ಲ. ತಪ್ಪಿದ್ರೆ ಕೆಲವೇ ನಿಮಿಷ. ಮುಗೀತು."

"ಬೆಲೆಯೇರಿಕೆ ಲೆಕ್ಕಕ್ಕೆ?"

"ಅದು ಇನ್ನೂ ಕಷ್ಟ. ಒಂದ್ಸಲ ಬೆಲೆ ಜಾಸ್ತಿ ಏರಿದೆ ಅಂತ ಹೆದರಿ ಚಿನ್ನ ಕೊಳ್ತಾರೆ. ಇನ್ನೊಂದ್ಸಲ ಅದಕ್ಕೇ ಬಡ್ಡಿ ಏರಿಸ್ತಾರೆ ಅಂತ ಚಿನ್ನ ಮಾರ್ತಾರೆ. ಅದು ನಂಗೂ ಗೊತ್ತಾಗೋದಿಲ್ಲ, ನಾನು ಆ ದಿನ ಕೈ ಕಟ್ಟಿ ಕೂತಿರ್ತೇನೆ."

ಎರಡು ಸಾವಿರದ ಏಳು. ಆ ವರ್ಷ ಶ್ರಾವಣದ ಕೊನೆಯ ಶುಕ್ರವಾರ ಸೆಪ್ಟೆಂಬರ್ ತಿಂಗಳ ಮೊದಲ ಶುಕ್ರವಾರವೂ ಆಗಿತ್ತು. ಬೆಳಗ್ಗೆ ಹಲ್ಲುಜ್ಜುವಾಗಲೇ ಓಂಕಾರಾಚಾರಿಗೆ ಅದು ನೆನಪಿತ್ತು. ಅದನ್ನು ಮರೆತ ಅಂತ ಯಾರೂ ಅವನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಪಾಪಮ್ಮ ಮಧ್ಯಾಹ್ನವೇ ಬರುತ್ತೇನೆ ಅಂದಿದ್ದಳು. ಕೊಟ್ಟಿಗೆಹಾರದ ಆಚೆ ಅವಳಿಗೂ ಗಂಡ ಸುಬ್ಬಣ್ಣನಿಗೂ ಮೂರು ಎಕರೆ ಕಾಫಿ, ಮರಗಳ ಮೇಲೆ ಮೆಣಸಿನ ಬಳ್ಳಿ. ದೊಡ್ಡ ಮಗಳು ಕವನಾಳ ಮದುವೆ ಯುಗಾದಿ ಕಳೆದ ಮೇಲೆ ಅಂತ ನಿಶ್ಚಯವಾಗಿತ್ತು. ಪಾಪಮ್ಮನ ಅವ್ವನ ಮದುವೆಗೂ ಇದೇ ಅಂಗಡಿ, ಅವಳ ಮದುವೆಗೂ ಇದೇ ಅಂಗಡಿ. ಆದರೆ ಆ ದಿನ ರಸ್ತೆಗೆ ಮರ ಬಿದ್ದು ಬಸ್ಸು ನಿಂತುಬಿಟ್ಟಿತ್ತು. ಪಾಪಮ್ಮ ಕೊಡೆ ಮಡಚಿ ಅಂಗಡಿಗೆ ಕಾಲಿಟ್ಟಾಗ ಐದು ಗಂಟೆ ದಾಟಿತ್ತು.

"ಬೈಬೇಡಿ ಆಚಾರ್ರೆ, ಎಂತ ಮಾಡೋದು, ಮರ ಕಡಿಯೋವರೆಗೆ ಕೂತಿದ್ದೆವು."

"ಬೈಯೋದಕ್ಕೆ ಆಮೇಲೆ ಟೈಮಿದೆ ಪಾಪಕ್ಕ, ಮೊದಲು ಕೂತ್ಕೊಳಿ," ಅಂದ ಓಂಕಾರಾಚಾರಿ. ಕಣ್ಣು ಗೋಡೆ ಗಡಿಯಾರದ ಮೇಲಿತ್ತು.

ಸರ, ಬಳೆ, ಓಲೆ ಎಲ್ಲ ಸೇರಿ ನೂರಿಪ್ಪತ್ತು ಗ್ರಾಂ. ಪಾಪಮ್ಮ ಎಲ್ಲವನ್ನೂ ಎರಡೆರಡು ಸಲ ಕೇಳಿದಳು, ಒಂದು ಬಳೆಯ ಮಾದರಿ ಬೇಡವೆಂದಳು, ಮತ್ತೆ ಬೇಕೆಂದಳು. ಅವಸರ ಮಾಡುವುದು ಹೇಗೆ? ಮಗಳ ಮದುವೆ ಚಿನ್ನ. ಕೊನೆಗೆ ಸೆರಗಿನ ಗಂಟು ಬಿಚ್ಚಿ ಮೆಣಸು ಮಾರಿದ ದುಡ್ಡು ಮುಂಗಡ ಕೊಟ್ಟಳು. ಓಂಕಾರಾಚಾರಿ ಎಲೆ ಅಡಿಕೆ ಇಟ್ಟು, "ಇವತ್ತಿನ ದರಕ್ಕೆ ಕಟ್ಟಿದೆ" ಅಂದ. ಹತ್ತು ಗ್ರಾಮಿಗೆ ಒಂಬತ್ತು ಸಾವಿರದ ನೂರ ಚಿಲ್ಲರೆ. ದುಡ್ಡನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕಿದ. ಶ್ರಾವಣ ಶುಕ್ರವಾರ ಬಂದ ದುಡ್ಡು ಒಮ್ಮೆ ಪೆಟ್ಟಿಗೆ ಮುಟ್ಟಿ ಆಮೇಲೆ ಹೋಗಬೇಕು, ಅದೂ ಪದ್ಧತಿಯೇ.

ಪಾಪಮ್ಮನನ್ನು ಬಾಗಿಲವರೆಗೆ ಬಿಡಲು ಎದ್ದ. ಹೊರಗೆ ಮಳೆ ಮತ್ತೆ ಹಿಡಿದಿತ್ತು. ಅವಳ ಕೊಡೆ ಬಿಚ್ಚಿಕೊಳ್ಳಲಿಲ್ಲ, ಕಡ್ಡಿ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಿಕೊಟ್ಟ. ಅಷ್ಟರಲ್ಲಿ ಕರೆಂಟು ಹೋಯಿತು. ಮಲೆನಾಡಿನ ಮಳೆಗಾಲದ ಕತ್ತಲೆ, ಆರಕ್ಕೆ ಮೊದಲೇ ಕಣ್ಣಿಗೆ ಕೈ ಕಾಣಿಸುವುದಿಲ್ಲ. ಒಳಗಿಂದ ಸರ್ವಮಂಗಳಾ ಮಡಿಸೀರೆಯಲ್ಲಿ ಬಂದಳು. ಕತ್ತಲಾಯಿತು ಅಂತ ಅವಳು ದೀಪ ಹಚ್ಚಿದಳು.

ಕೊಡೆ ಸರಿಮಾಡಿ ತಿರುಗಿದ ಓಂಕಾರಾಚಾರಿಗೆ ಲಕ್ಷ್ಮಿ ಫೋಟೋದ ಮುಂದೆ ಎರಡು ಬತ್ತಿ ಉರಿಯುವುದು ಕಂಡಿತು. ಕೆಳಗೆ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಮುಂಗಡ.

"ಇಷ್ಟು ಬೇಗ ಯಾಕೆ ಹಚ್ಚಿದೆ?"

"ಕತ್ತಲಾಗಿತ್ತಲ್ಲ. ಯಾಕೆ, ಎಂತಾದ್ರೂ ಬೇಕಿತ್ತಾ?"

ಬೇಕಿತ್ತು. ಹೇಳಿದ್ದರೆ ಅವಳು ಏನು ಮಾಡುತ್ತಿದ್ದಳೋ ಗೊತ್ತಿಲ್ಲ. ದೀಪ ಆರಿಸಲಿಕ್ಕಾಗುತ್ತದೆಯೇ? "ಏನಿಲ್ಲ" ಅಂತ ಹೇಳಿ, ಚಪ್ಪಲಿ ಮೆಟ್ಟಿ, ಬರಿಗೈಯಲ್ಲಿ ತಯ್ಯಬನ ಗೋಡೌನಿಗೆ ಓಡಿದ.

ಬ್ಯಾಟರಿಯ ಮೇಲೆ ಕಂಪ್ಯೂಟರ್ ಉರಿಯುತ್ತಿತ್ತು. ತಯ್ಯಬ್ ಆಗಲೇ ನಮಾಜಿಗೆ ಕೈಕಾಲು ತೊಳೆಯುವ ತಯಾರಿಯಲ್ಲಿದ್ದ.

"ನೂರು ಗ್ರಾಂ ಹಿಡಿ ಮಾರಾಯ, ಬೇಗ. ದುಡ್ಡು ಬೆಳಗ್ಗೆ ಕೊಡ್ತೇನೆ."

"ಬೆಳಗ್ಗೆ?" ತಯ್ಯಬ್ ತಲೆ ಎತ್ತಿದ. "ಆಚಾರ್ರೆ, ನನ್ನ ಠೇವಣಿಯೆಲ್ಲ ಕಾಫಿ ಸೌದಾದಲ್ಲಿ ಸಿಕ್ಕಿಹಾಕಿಕೊಂಡಿದೆ. ಹೊಸ ದುಡ್ಡು ಬಂತು ಅಂತ ನಾನು ಚಿಕ್ಕಮಗಳೂರಿಗೆ ಫೋನ್ ಮಾಡದೇ ಇದ್ದರೆ ಈ ಮಿಷನ್ನು ತಗೊಳ್ಳೋದಿಲ್ಲ. ಸುಳ್ಳು ಹೇಳಿದ್ರೆ ನಾಳೆ ನನ್ನ ಬಾಗಿಲು ಮುಚ್ಚಿಸ್ತಾರೆ. ಇಲ್ಲೇ ಮನೆ ಅಲ್ವಾ, ತಂದುಬಿಡಿ. ಇನ್ನೂ ಟೈಮಿದೆ."

"ದೀಪ ಹಚ್ಚಾಯ್ತು."

ತಯ್ಯಬನಿಗೆ ಆ ಮನೆ ಮೂವತ್ತು ವರ್ಷದಿಂದ ಗೊತ್ತು. ಹಾಲಿನವನ ಕಥೆಯೂ ಗೊತ್ತು. ಅವನು ಪಕ್ಕದ ಕುರ್ಚಿಯ ಮೇಲಿದ್ದ ಮೆಣಸಿನ ಚೀಲ ಇಳಿಸಿದ.

"ಕೂತ್ಕೊಳಿ. ಎಲ್ಲರೂ ಅಂದಾಜು ಮಾಡಿರೋದು ಒಂದು ಲಕ್ಷ ಕೆಲಸ ಹೊಸದಾಗಿ ಹುಟ್ಟಿದೆ ಅಂತ. ಹಾಗೇ ಬಂದ್ರೆ ಎಂತದೂ ಆಗೋದಿಲ್ಲ. ಜಾಸ್ತಿ ಬಂದ್ರೆ ಇಳಿದ್ರೂ ಇಳೀಬಹುದು, ನಿಮಗೇ ಲಾಭ."

ಇಬ್ಬರೂ ಪರದೆ ನೋಡುತ್ತ ಕೂತರು. ಆರಕ್ಕೆ ಸ್ವಲ್ಪ ಮೊದಲು ಒಂದು ವಿಚಿತ್ರ ನಡೆಯಿತು. ಅಲ್ಲಿಯವರೆಗೆ ಕೊಳ್ಳುವವರು, ಮಾರುವವರು ಅಂತ ಎರಡು ಸಾಲಿನಲ್ಲಿ ತುಂಬಿ ಓಡುತ್ತಿದ್ದ ಅಂಕಿಗಳು ತೆಳುವಾದವು. ಮಾರುವವರೆಲ್ಲ ತಮ್ಮ ಸರಕನ್ನು ವಾಪಸ್ಸು ಎಳೆದುಕೊಂಡಿದ್ದರು. ಲೆಕ್ಕ ಬರುವ ಮೊದಲು ಯಾರಿಗೂ ಕೈ ಚಾಚುವ ಧೈರ್ಯವಿಲ್ಲ ಅಂದ ತಯ್ಯಬ್. ದರ ಒಂದೇ ಕಡೆ ನಿಂತಿತ್ತು. ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು.

ಆರಾಯಿತು.

ಮೊದಲು ದರ ಇಪ್ಪತ್ತು ರೂಪಾಯಿ ಮೇಲೆ ಹೋಯಿತು. ಆಮೇಲೆ ನಡುವಿನ ಅಂಕಿಗಳೇ ಇಲ್ಲದ ಹಾಗೆ ಇನ್ನೂ ಮೇಲೆ. ಕೊಳ್ಳುವವರ ಸಾಲು ಉದ್ದವಾಯಿತು, ಮಾರುವವರ ಸಾಲಿನಲ್ಲಿ ಜನವೇ ಇಲ್ಲ. ತಯ್ಯಬ್ ಪರದೆಯ ಮೂಲೆಯ ಸುದ್ದಿಯ ಸಾಲು ಓದಿದ. ಒಂದು ಲಕ್ಷ ಹುಟ್ಟುವುದಿರಲಿ, ಇದ್ದದ್ದರಲ್ಲೇ ನಾಲ್ಕು ಸಾವಿರ ಕೆಲಸ ಕಡಿಮೆಯಾಗಿತ್ತು. ನಾಲ್ಕು ವರ್ಷದಿಂದ ಹೀಗೆ ಕಡಿಮೆ ಬಂದದ್ದೇ ಇಲ್ಲ ಅಂತಲೂ ಅಲ್ಲಿ ಬರೆದಿತ್ತು.

"ಬಡ್ಡಿ ಇಳಿಸ್ತಾರೆ," ಅಂದ ತಯ್ಯಬ್, ಮೆಲ್ಲಗೆ. "ಖಂಡಿತ ಇಳಿಸ್ತಾರೆ ಈಗ."

ಅಷ್ಟು ಹೊತ್ತೂ ಹೊಳೆಯದ್ದು ಆಗ ಹೊಳೆದು, ಓಂಕಾರಾಚಾರಿ ಅವನ ಫೋನೆತ್ತಿ ಚಿಕ್ಕಮಗಳೂರಿನ ಸಗಟು ಅಂಗಡಿಗೆ ಹಾಕಿದ. ಅಪ್ಪನ ಕಾಲದಿಂದ ಅಲ್ಲಿ ಬಾಯಿಮಾತಿನಲ್ಲೇ ವ್ಯವಹಾರ. "ನೂರಿಪ್ಪತ್ತು ಗ್ರಾಂ ನನ್ನ ಹೆಸರಿಗೆ ಇಡಿ" ಅಂದ. ಆ ಕಡೆಯವರು, "ಆಚಾರ್ರೆ, ಈಗ ದರ ಹೇಳೋದು ನಿಲ್ಸಿದೀವಿ. ಮೇಲಿಂದಾನೇ ದರ ಕೊಡ್ತಾ ಇಲ್ಲ. ನಾಳೆ ಮಾಡಿ" ಅಂತ ಇಟ್ಟುಬಿಟ್ಟರು. ಒಂದು ಗಂಟೆ ಮೊದಲು ಕೇಳಿದ್ದರೆ ಚಾ ಕುಡಿದಿರಾ ಅಂತ ವಿಚಾರಿಸಿ ದರ ಹೇಳುವ ಮನುಷ್ಯ ಅವನು. ಅವನದ್ದೂ ತಪ್ಪಲ್ಲ. ತಪ್ಪು ಯಾರದ್ದು ಅಂತ ಹುಡುಕುತ್ತ ಹೋದರೆ ಕೊನೆಗೆ ರಸ್ತೆಗೆ ಬಿದ್ದ ಮರದ ಹತ್ತಿರ ಹೋಗಿ ನಿಲ್ಲಬೇಕು.

ತಯ್ಯಬ್ ತರಿಸಿದ ಚಾ ಮುಗಿಯುವ ಮೊದಲೇ ಹತ್ತು ಗ್ರಾಮಿಗೆ ನೂರು ರೂಪಾಯಿ ದಾಟಿತ್ತು. ನೂರಿಪ್ಪತ್ತು ಗ್ರಾಂ ಮಾಡಿದರೆ ಸಿಗುವ ಕೂಲಿಯಲ್ಲಿ ಅರ್ಧಕ್ಕರ್ಧ, ಅವನು ಇನ್ನೂ ಕುಲುಮೆಗೆ ಕೆಂಡ ಹಾಕುವ ಮೊದಲೇ, ಹೋಗಿತ್ತು. ಸುತ್ತಿಗೆ ಜಾರಿ ಬೆರಳು ಜಜ್ಜಿಕೊಂಡರೆ ಒಂದು ನೋವಾದರೂ ಇರುತ್ತದೆ. ಇಲ್ಲಿ ಅವನು ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದ, ಅಷ್ಟೇ.

"ಅಲ್ಲಿ ಕೆಲಸ ಹೋದವರಿಗೆ ಗೊತ್ತಿದೆಯಾ ಇದು?" ಅಂತ ಕೇಳಿದ.

"ಯಾವುದು?"

"ಏನಿಲ್ಲ ಬಿಡು."

ಆ ರಾತ್ರಿ ಅವನು ಸರ್ವಮಂಗಳಾಳಿಗೆ ಏನೂ ಹೇಳಲಿಲ್ಲ. ಅವಳೇ ಮೂರು ದಿನ ಬಿಟ್ಟು ತಯ್ಯಬನ ಹೆಂಡತಿ ರೌಶನ್ ಬೀ ಬಾಯಿಂದ ಕೇಳಿ ತಿಳಿದುಕೊಂಡಳು. ಕೇಳಿದ ಮೇಲೆ ಅವಳೂ ಏನೂ ಹೇಳಲಿಲ್ಲ. ಆ ಮನೆಯಲ್ಲಿ ಅದು ಹಾಗೇ ಉಳಿಯಿತು.

ಮರುದಿನವೇ ಕೊಂಡುಬಿಟ್ಟಿದ್ದರೆ ಅರ್ಧ ಕೂಲಿಯಲ್ಲಿ ಮುಗಿಯುತ್ತಿತ್ತು. ಅಲ್ಲಿ ಅವನು ಎಡವಿದ, ಅದನ್ನು ಹೇಳದೆ ಇರುವುದು ಸರಿಯಲ್ಲ. ಹುಟ್ಟಿದಾಗಿನಿಂದ ಏರಿದ ಚಿನ್ನ ಇಳಿಯುವುದನ್ನು ನೋಡಿದ ಮನುಷ್ಯ. ನಾಲ್ಕು ದಿನ ಕಾದರೆ ಇಳಿಯುತ್ತದೆ ಅಂದುಕೊಂಡ. ಸೆಪ್ಟೆಂಬರ್ ಮುಗಿಯುವ ಮೊದಲು ಅಮೆರಿಕದವರು ನಿಜವಾಗಿಯೂ ಬಡ್ಡಿ ಇಳಿಸಿದರು, ಚಿನ್ನ ಇನ್ನೂ ಏರಿತು. "ಈಗಲಾದ್ರೂ ಹಿಡೀರಿ ಆಚಾರ್ರೆ," ಅಂದ ತಯ್ಯಬ್. ಇಷ್ಟು ಮೇಲೆ ಹೋದದ್ದನ್ನು ಹಿಡಿದು, ಅದು ನಾಳೆ ಇಳಿದರೆ? ಆಗಲೇ ಆದ ನಷ್ಟ ಖಾಯಂ ಆಗಿಬಿಡುತ್ತದೆ ಅಂತ ಹೆದರಿದ. ಆಮೇಲೆ ಪ್ರತಿ ತಿಂಗಳು ಮೊದಲ ಶುಕ್ರವಾರ ತಯ್ಯಬನ ಗೋಡೌನಿನಲ್ಲಿ ಹೋಗಿ ಕೂರುವುದು, ಅಮೆರಿಕದಲ್ಲಿ ಜನಕ್ಕೆ ಕೆಲಸ ಸಿಗಲಿ ಅಂತ ಒಳಗೊಳಗೇ ಬೇಡುವುದು. ಒಮ್ಮೊಮ್ಮೆ ಕೆಲಸ ಸಿಕ್ಕಿದ ಸುದ್ದಿಯೂ ಬಂತು, ಚಿನ್ನ ಐದು ನಿಮಿಷ ಇಳಿಯಿತು, ಅವನು ಇನ್ನಷ್ಟು ಇಳಿಯಲಿ ಅಂತ ಉಸಿರು ಹಿಡಿಯುವಷ್ಟರಲ್ಲಿ ಮತ್ತೆ ಮೇಲೆ. ಕೂಲಿ ಮಾಡಿ ತಿನ್ನುವ ಮನುಷ್ಯ, ಗುರುತಿಲ್ಲದ ದೇಶದ ಗುರುತಿಲ್ಲದ ಜನರ ಸಂಬಳಕ್ಕೆ ಹರಕೆ ಹೊರುತ್ತ ಕೂತ. ನೆನೆಸಿಕೊಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಆದರೆ ಯಾರ ಮೇಲೆ ಅಂತ ಗೊತ್ತಾಗುವುದಿಲ್ಲ.

ಯುಗಾದಿ ಹೊತ್ತಿಗೆ ಹತ್ತು ಗ್ರಾಂ ಹನ್ನೆರಡು ಸಾವಿರದ ಹತ್ತಿರ ಬಂತು. ಮಾತು ಕೊಟ್ಟದ್ದು ಒಂಬತ್ತು ಸಾವಿರದ ನೂರ ಚಿಲ್ಲರೆಗೆ. ತಂತಿ ಎಳೆಯುವ ಯಂತ್ರವನ್ನು ಹಾಸನದವನೊಬ್ಬನಿಗೆ ಕೊಟ್ಟ. ಸರ್ವಮಂಗಳಾ ತನ್ನ ಎರಡು ಬಳೆ ತಾನಾಗಿಯೇ ಬಿಚ್ಚಿ ಕುಲುಮೆಯ ಪಕ್ಕ ಇಟ್ಟು ಒಳಗೆ ಹೋದಳು. ಕವನಾಳ ಸರ, ಬಳೆ, ಓಲೆ ಹೇಳಿದ ದಿನಕ್ಕೆ, ಹೇಳಿದ ತೂಕಕ್ಕೆ, ಕಟ್ಟಿದ ದರಕ್ಕೆ ಪಾಪಮ್ಮನ ಕೈ ಸೇರಿತು. ಮದುವೆಗೆ ಗಂಡಹೆಂಡಿರಿಬ್ಬರೂ ಹೋಗಿ ಉಂಡು ಬಂದರು.

ಮುಂದಿನ ಶ್ರಾವಣದ ಒಂದು ಶುಕ್ರವಾರ ಮಧ್ಯಾಹ್ನ ಪಾಪಮ್ಮ ಮತ್ತೆ ಬಂದಳು. ಈ ಸಲ ಬೇಗನೆ ಬಂದಿದ್ದಳು, ಜೊತೆಗೆ ಚಿಕ್ಕ ಮಗಳು ಧನ್ಯಾ, ಅವಳ ಹಿಂದೆ ನೆಂಟರ ಪೈಕಿ ಇಬ್ಬರು ಹೆಂಗಸರು. ಮುಖದ ತುಂಬ ನಗು.

"ನಿಮ್ಮ ಕೈಗುಣ ಅಂದ್ರೆ ಕೈಗುಣ ಆಚಾರ್ರೆ. ನೀವು ಕಟ್ಟಿದ್ದೇ ಕಟ್ಟಿದ್ದು, ಆಮೇಲೆ ಚಿನ್ನ ಹೇಗೆ ಏರ್ತು ನೋಡಿ. ನಮ್ಮ ಕಡೆ ಎಲ್ಲ ಅದೇ ಮಾತು. ಇವ್ರೂ ಕಟ್ಟಿಸ್ತಾರಂತೆ. ಧನ್ಯಂದೂ ನೋಡ್ತಾ ಇದ್ದೇವೆ, ಮೊದಲೇ ಕಟ್ಟಿಬಿಡಿ."

ಧನ್ಯಾ ನಾಚಿ ನೆಲ ನೋಡಿದಳು. ಎಲೆ ಅಡಿಕೆಯ ತಟ್ಟೆ ಅಲ್ಲೇ ಇತ್ತು. ಸರ್ವಮಂಗಳಾ ಒಳಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು.

"ದರ ಕಟ್ಟೋದು ಬಿಟ್ಟಿದ್ದೇನೆ ಪಾಪಕ್ಕ," ಅಂದ ಓಂಕಾರಾಚಾರಿ. "ಮಾಡಿಸೋದಾದ್ರೆ ಕೊಡುವ ದಿನ ಯಾವ ದರ ಇದೆಯೋ ಅದೇ."

ಪಾಪಮ್ಮನ ನಗು ಒಮ್ಮೆಲೇ ಹೋಗಲಿಲ್ಲ. ತಮಾಷೆ ಅಂತ ಅಂದುಕೊಂಡಳು. ಆಮೇಲೆ ಅವನು ತಲೆ ಎತ್ತದಿದ್ದುದನ್ನು ನೋಡಿ ಅರ್ಥವಾಯಿತು.

"ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

"ಇಲ್ಲ ಇಲ್ಲ."

"ಮತ್ತೆ? ನಮ್ಮವ್ವನಿಗೆ ಕಟ್ಟಿದ್ರು, ನಂಗೆ ಕಟ್ಟಿದ್ರು, ಕವನಂಗೂ ಕಟ್ಟಿದ್ರಿ. ಇವಳೇನು ಬೇರೆ ಮನೆಯವಳಾ?"

ಹೇಳಬಹುದಿತ್ತು. ಏನಂತ ಹೇಳುವುದು? ಅಮೆರಿಕದಲ್ಲಿ ನಾಲ್ಕು ಸಾವಿರ ಜನರ ಕೆಲಸ ಹೋಯಿತು ಪಾಪಕ್ಕ, ಆ ದಿನ ನಿಮ್ಮ ಬಸ್ಸು ತಡವಾಯಿತು ಪಾಪಕ್ಕ, ನಿಮ್ಮ ಕವನಾಳ ಕೈಬಳೆಯಲ್ಲಿ ನನ್ನ ಹೆಂಡತಿಯ ಬಳೆಯೂ ಕರಗಿದೆ ಅಂತ ಹೇಳುವುದೆ? ಮದುವೆಯಾಗಿ ಹೋದ ಹುಡುಗಿಯ ಚಿನ್ನಕ್ಕೆ ಆ ಮಾತು ತಾಗುತ್ತದೆ. ಹೆಣ್ಣುಮಕ್ಕಳು ಬಳೆ ನೋಡಿದಾಗೆಲ್ಲ ನೆನೆಸಿಕೊಳ್ಳುತ್ತಾರೆ.

"ಕಾಲ ಬದಲಾಯ್ತು," ಅಂದ. ಅದು ಅವನ ಕಿವಿಗೇ ಸಪ್ಪೆಯಾಗಿ ಕೇಳಿತು.

"ಹೌದು," ಅಂದಳು ಪಾಪಮ್ಮ. "ನಾವು ಮೂರೆಕರೆಯವ್ರು. ದೊಡ್ಡ ಎಸ್ಟೇಟಿನವ್ರು ಬಂದಿದ್ರೆ ಕಟ್ತಿದ್ರೇನೋ." ಮಗಳ ಕೈ ಹಿಡಿದು ಇಳಿದಳು. ಜೊತೆಯ ಹೆಂಗಸೊಬ್ಬಳು, ಚಿಕ್ಕಮಗಳೂರಲ್ಲಿ ಹೊಸದಾಗಿ ಗಾಜಿನ ದೊಡ್ಡ ಅಂಗಡಿ ಬಂದಿದೆ, ಅಲ್ಲಿಗೇ ಹೋಗೋಣ ಅನ್ನುವುದು ಒಳಗೆ ಕೇಳಿಸಿತು.

ಅವರ ಹಿಂದೆ ಓಡಿ ಹೋಗಿ ಕರೆಯಬೇಕು ಅನ್ನಿಸಿತು ಅವನಿಗೆ. ಕರೆದು ಏನು ಮಾಡುವುದು ಅಂತ ಗೊತ್ತಾಗಲಿಲ್ಲ. ಕೂತಲ್ಲೇ ಕೂತ. ಮುರಿದ ಓಲೆಯೊಂದನ್ನು ಬೆಸೆಯಲು ತೆಗೆದುಕೊಂಡ, ಬೆಸೆಯಲಿಲ್ಲ. ಸಾಯಂಕಾಲ ಮೋಡ ಕವಿದು ಅಂಗಡಿಯೊಳಗೆ ಕತ್ತಲಾಗತೊಡಗಿತು.

ಸರ್ವಮಂಗಳಾ ಮಡಿಸೀರೆಯಲ್ಲಿ ಬಂದು ಲಕ್ಷ್ಮಿ ಫೋಟೋದ ಮುಂದೆ ನಿಂತಳು. ಬತ್ತಿ ಹಾಕಿದಳು, ಎಣ್ಣೆ ಬಿಟ್ಟಳು. ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದು ಗಂಡನ ಕಡೆ ತಿರುಗಿದಳು.

"ಹಚ್ಚಲಾ?" ಅಂತ ಕೇಳಿದಳು.

ಆ ಸೆಪ್ಟೆಂಬರಿನಿಂದ ಈಚೆಗೆ ಪ್ರತಿ ಶುಕ್ರವಾರ ಅವಳು ಹಾಗೆ ಕೇಳಿಯೇ ಹಚ್ಚುತ್ತಿದ್ದಳು. ಅದಕ್ಕೂ ಮೊದಲು ಒಂದು ದಿನವೂ ಕೇಳಿದವಳಲ್ಲ.

"ಹಚ್ಚು," ಅಂದ ಓಂಕಾರಾಚಾರಿ. "ಹೊರಗೆ ಹೋಗೋದು ಏನೂ ಇಲ್ಲ."